ಚೀಟಿಯಲ್ಲಿ ಗುರುವಾರ, ಕ್ಯಾಲೆಂಡರಿನಲ್ಲಿ ಶುಕ್ರವಾರ: ಗೃಹಪ್ರವೇಶದ ಕಾರ್ಡಿಗೆ ಯಾವುದು ಹಾಕಬೇಕು?

ಪ್ರಶ್ನೆ: ಸರ್, ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಹೊಸ ಮನೆ ಕಟ್ಟಿಸಿದ್ದೇವೆ. ಪುರೋಹಿತರು ಚೀಟಿಯಲ್ಲಿ "19-02-2026 ಗುರುವಾರ ರಾತ್ರಿ 4-45 ರಿಂದ 5-45, ಮಕರ ಲಗ್ನ" ಅಂತ ಬರೆದುಕೊಟ್ಟಿದ್ದಾರೆ. ಅತ್ತೆ ಅದನ್ನ ಹಾಗೇ ಕಾರ್ಡಿಗೆ ಹಾಕಿಸಿ ಅಂತಾರೆ. ಮೈದುನ ಅದು ಶುಕ್ರವಾರ ಅಂತಾನೆ. ಪಾವಗಡ, ಮಧುಗಿರಿ, ಗೌರಿಬಿದನೂರು, ಬೆಂಗಳೂರಿನಿಂದ ನೆಂಟರು ಬರಬೇಕು, ಒಟ್ಟು 350 ಜನ ಆಗಬಹುದು. ಸತ್ಯನಾರಾಯಣ ಪೂಜೆ ಬೆಳಿಗ್ಗೆ 10-30ಕ್ಕೆ ಅಂದುಕೊಂಡಿದ್ದೇವೆ. ಊಟದ ಟೈಮ್ ಕಾರ್ಡಲ್ಲಿ ಹಾಕಬೇಕಾ? ಹಾಕಿದರೆ "ಊಟಕ್ಕಷ್ಟೇ ಬನ್ನಿ" ಅಂದಂಗೆ ಆಗಲ್ವಾ?

ಉತ್ತರ: ಶುಕ್ರವಾರ, 20ನೇ ತಾರೀಖು ಅಂತಲೇ ಹಾಕಿಸಿ. ಊಟದ ಟೈಮೂ ಹಾಕಿ, ಶುರುವಾಗೋದು ಮುಗಿಯೋದು ಎರಡೂ ಹಾಕಿ. 10-30ರ ಪೂಜೆಯನ್ನು ಮಾತ್ರ ಒಂದು ಗಂಟೆ ಮೊದಲೇ ಶುರು ಮಾಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಕಾರ್ಡು ಅಚ್ಚು ಹಾಕುವ ಕೆಲಸ ನನ್ನದು, ಈ ಭಾಗದ ಮುಹೂರ್ತದ ಚೀಟಿಗಳನ್ನೇ ಓದಿಕೊಂಡು ಜೀವನ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅತ್ತೆಗೂ ಮೈದುನನಿಗೂ ರಾಜಿ ಮಾಡಿಸೋಣ. ಇಬ್ಬರೂ ಹೇಳೋದು ಸರಿ. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯ ಹುಟ್ಟಿದಾಗ, ನಡುರಾತ್ರಿ ಹನ್ನೆರಡಕ್ಕಲ್ಲ. ಫೆಬ್ರವರಿ 20ಕ್ಕೆ ತುಮಕೂರಿನಲ್ಲಿ ಸೂರ್ಯ ಹುಟ್ಟೋದು ಹೆಚ್ಚುಕಡಿಮೆ 6-40ಕ್ಕೆ. ನಿಮ್ಮ ಮುಹೂರ್ತ 5-45ಕ್ಕೇ ಮುಗಿಯುತ್ತೆ. ಅಂದರೆ ಪುರೋಹಿತರ ಲೆಕ್ಕದಲ್ಲಿ ಆ ಹೊತ್ತಿಗೆ ಇನ್ನೂ ಗುರುವಾರ ಮುಗಿದೇ ಇಲ್ಲ. ಅವರು ಪಂಚಾಂಗದ ಗುರುವಾರದ ಸಾಲನ್ನು ನೋಡಿ "ರಾತ್ರಿ 4-45" ಅಂತ ಬರೆದಿದ್ದಾರೆ. ಕೆಲವರು ಇದನ್ನೇ 28-45 ಅಂತಲೂ ಬರೆಯುತ್ತಾರೆ, 24 ಕಳೆದರೆ 4-45. ಅದು ಪುರೋಹಿತರು ತಮ್ಮ ಲೆಕ್ಕಕ್ಕೆ ಬರೆದುಕೊಂಡ ಟಿಪ್ಪಣಿ. ನೆಂಟರು ಬಸ್ಸು ಹತ್ತೋದು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿಕೊಂಡು.

ಚೀಟಿಯಲ್ಲಿ ಇದ್ದದ್ದನ್ನೇ ಕಾರ್ಡಿಗೆ ಇಳಿಸಿದರೆ ಏನಾಗುತ್ತೆ ನೋಡಿ. "19 ಗುರುವಾರ ರಾತ್ರಿ 4-45" ಓದಿದ ಒಬ್ಬರು, ರಾತ್ರಿ ಅನ್ನೋದು ತಪ್ಪಾಗಿ ಅಚ್ಚಾಗಿರಬೇಕು ಅಂದುಕೊಂಡು ಗುರುವಾರ ಸಂಜೆ ನಾಲ್ಕೂ ಮುಕ್ಕಾಲಕ್ಕೋ ಏನೋ ಅಂತ ಲೆಕ್ಕ ಹಾಕಿ ಆ ಹೊತ್ತಿಗೆ ಬರುತ್ತಾರೆ. ಇನ್ನೊಬ್ಬರು 19ರ ಬೆಳಗಿನ ಜಾವವೇ, ಅಂದರೆ ಬುಧವಾರ ರಾತ್ರಿಯೇ ಹೊರಟು ಬಂದು ಬೀಗ ಹಾಕಿದ ಮನೆ ಮುಂದೆ ನಿಲ್ಲುತ್ತಾರೆ. ಈ ಎರಡಕ್ಕೂ ಮೇಲಿನ ಅವಾಂತರ ಮೂರನೆಯದು. ಕಾರ್ಡಿನಲ್ಲಿ ಒಂದೇ ತಾರೀಖು 19 ಅಂತಿದ್ದು, ಕೆಳಗೆ "ಮಧ್ಯಾಹ್ನ 12-30ಕ್ಕೆ ಭೋಜನ" ಅಂತಿದ್ದರೆ, ಊಟಕ್ಕಷ್ಟೇ ಬರಬೇಕು ಅಂದುಕೊಂಡವರೆಲ್ಲ ಗುರುವಾರ ಮಧ್ಯಾಹ್ನ ಬರುತ್ತಾರೆ. ಅಡುಗೆಯವರು ಇನ್ನೂ ಪಾತ್ರೆ ಇಳಿಸಿರೋದಿಲ್ಲ. ಬಂದವರಿಗೆ ಬೇಜಾರು, ನಿಮಗೆ ಅವಮಾನ, ಮತ್ತೆ ಮರುದಿನ ಬನ್ನಿ ಅಂದರೆ ಯಾರೂ ಬರಲ್ಲ.

ಹಾಗಂತ ಬರೀ "20 ಶುಕ್ರವಾರ 4-45" ಅಂತ ಹಾಕಿದರೂ ಸಾಲದು. ಸಂಜೆ 4-45 ಅಂತ ಓದುವವರು ಇದ್ದೇ ಇರುತ್ತಾರೆ, ಯಾಕಂದರೆ ಈಗ ರಿಸೆಪ್ಷನ್ನು, ನಾಮಕರಣ ಎಲ್ಲ ಸಂಜೆ ನಡೆಯುತ್ತೆ. ಅದಕ್ಕೆ ನಮ್ಮ ಕಡೆ ಹಳಬರು ಒಂದು ಒಳ್ಳೆ ದಾರಿ ಮಾಡಿಟ್ಟಿದ್ದಾರೆ: "ಗುರುವಾರ ರಾತ್ರಿ ಕಳೆದು ಶುಕ್ರವಾರ ಬೆಳಗಿನ ಜಾವ 4-45 ರಿಂದ 5-45ರ ಒಳಗೆ". ಇದರಲ್ಲಿ ಅತ್ತೆಯ ಗುರುವಾರವೂ ಬಂತು, ಮೈದುನನ ಶುಕ್ರವಾರವೂ ಬಂತು. ಆದರೆ ತಾರೀಖು ಒಂದೇ ಇರಲಿ, 20-02-2026. ಗುರುವಾರದ ಪಕ್ಕ 19 ಅಂತ ಅದೇ ವಾಕ್ಯದಲ್ಲಿ ಸೇರಿಸಬೇಡಿ. ಒಂದು ಸಾಲಿನಲ್ಲಿ ಎರಡು ತಾರೀಖು ಕಂಡರೆ ಜನ ಮೊದಲು ಕಂಡದ್ದನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಇನ್ನೊಂದು ಸಣ್ಣ ವಿಷಯ. ಅಂಕಿಗಳನ್ನು ಕನ್ನಡ ಅಂಕಿಯಲ್ಲೇ ಹಾಕಿಸಬೇಕು ಅಂತ ಕೆಲವರಿಗೆ ಆಸೆ. ನನಗೂ ಇಷ್ಟವೇ. ಆದರೆ ಬೆಂಗಳೂರಿನಲ್ಲಿ ಬೆಳೆದ ಮಕ್ಕಳು ೬, ೭, ೯ ನೋಡಿ ತಡವರಿಸುತ್ತಾರೆ, ಕಾರು ಓಡಿಸಿಕೊಂಡು ಬರುವವರು ಅವರೇ. ಸಂವತ್ಸರದ ಸಾಲಿನಲ್ಲಿ ಕನ್ನಡ ಅಂಕಿ ಇರಲಿ, ತಾರೀಖು ಮತ್ತು ಗಂಟೆಗೆ 1, 2, 3 ಇರಲಿ.

ಈಗ ತಿಥಿ, ನಕ್ಷತ್ರ. ಇದರಲ್ಲಿ ತಪ್ಪಾಗೋದು ಜಾಸ್ತಿ, ಗೊತ್ತಾಗೋದು ಕಡಿಮೆ. ಚೀಟಿಯಲ್ಲಿ ಪುರೋಹಿತರು ಲಗ್ನವನ್ನಷ್ಟೇ ಬರೆದಿದ್ದರೆ, ಮನೆಯವರು ಗೋಡೆ ಕ್ಯಾಲೆಂಡರಿನ 19ರ ಚೌಕ ನೋಡಿ ಅಲ್ಲಿರುವ ತಿಥಿ ನಕ್ಷತ್ರವನ್ನು ಕಾರ್ಡಿಗೆ ತುಂಬಿಸಿಬಿಡುತ್ತಾರೆ. ಆ ಚೌಕದಲ್ಲಿ ಇರೋದು ಬಿದಿಗೆ, ಪೂರ್ವಾಭಾದ್ರ. ಅವು ಸೂರ್ಯ ಹುಟ್ಟುವ ಹೊತ್ತಿಗೆ ಇರುವ ತಿಥಿ, ನಕ್ಷತ್ರ. ಆದರೆ ಬಿದಿಗೆ ಆ ದಿನ ಮಧ್ಯಾಹ್ನವೇ ಕಳೆದು ತದಿಗೆ ಬರುತ್ತೆ. ಪೂರ್ವಾಭಾದ್ರ ರಾತ್ರಿ ಊಟದ ಹೊತ್ತಿಗೆ ಮುಗಿದು ಉತ್ತರಾಭಾದ್ರ ಶುರುವಾಗುತ್ತೆ. ನೀವು ಹೊಸ್ತಿಲು ದಾಟುವಾಗ ಇರೋದು ಫಾಲ್ಗುಣ ಶುದ್ಧ ತದಿಗೆ, ಉತ್ತರಾಭಾದ್ರ. ಗೃಹಪ್ರವೇಶಕ್ಕೆ ಆಗಿಬರುವ ನಕ್ಷತ್ರಗಳಲ್ಲಿ ಉತ್ತರಾಭಾದ್ರ ಒಂದು, ಪೂರ್ವಾಭಾದ್ರವನ್ನು ಸಾಮಾನ್ಯವಾಗಿ ಬಿಡುತ್ತಾರೆ. ಪುರೋಹಿತರು ಗುರುವಾರ ಹಗಲನ್ನು ಬಿಟ್ಟು ಬೆಳಗಿನ ಜಾವದವರೆಗೂ ಕಾದದ್ದು ಯಾಕೆ ಅಂತ ಇದರಿಂದಲೇ ಅರ್ಥ ಆಗುತ್ತೆ ಅಲ್ವಾ? ಅಂಥದ್ದರಲ್ಲಿ ಕಾರ್ಡಿನಲ್ಲಿ ಪೂರ್ವಾಭಾದ್ರ ಅಂತ ಅಚ್ಚಾದರೆ, ಪಂಚಾಂಗ ಬಲ್ಲ ಒಬ್ಬ ದೊಡ್ಡಪ್ಪನಾದರೂ ಫೋನ್ ಮಾಡಿ "ಈ ಮುಹೂರ್ತ ಯಾರಮ್ಮ ಇಟ್ಟುಕೊಟ್ಟಿದ್ದು?" ಅಂತ ಕೇಳದೆ ಬಿಡಲ್ಲ.

ಸಂವತ್ಸರ ವಿಶ್ವಾವಸು. ಪರಾಭವ ಶುರುವಾಗೋದು ಯುಗಾದಿಗೆ, ಅದು ಮಾರ್ಚ್ 19. ಇಂಗ್ಲಿಷ್ ವರ್ಷ ಬದಲಾಯಿತು ಅಂತ ಸಂವತ್ಸರವನ್ನೂ ಬದಲಾಯಿಸಿಬಿಡುವ ಡಿಟಿಪಿ ಹುಡುಗರು ಇದ್ದಾರೆ, ಪ್ರೂಫ್ ನೋಡುವಾಗ ಅದರ ಮೇಲೆ ಒಂದು ಕಣ್ಣಿಡಿ.

ಪುರೋಹಿತರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಒಂದು, "ಹಾಲು ಉಕ್ಕಿಸುವಾಗ ಕ್ಯಾಲೆಂಡರಿನಲ್ಲಿ ಯಾವ ತಾರೀಖು ಇರುತ್ತೆ?" ಇದಕ್ಕೆ ಅವರು 20 ಅಂದರೆ ಸರಿ. ಎರಡು, "4-45 ರಿಂದ 5-45ರ ಒಳಗೆ ಏನೇನು ಆಗಲೇಬೇಕು?" ಮುಹೂರ್ತ ಅನ್ನೋದು ಮುಖ್ಯವಾಗಿ ಒಳಗೆ ಕಾಲಿಡೋದಕ್ಕೆ. ಹೊಸ್ತಿಲು ಪೂಜೆ, ಮುಂದೆ ಹಸು ಕರು, ಹಿಂದೆ ಕಳಶ ಮತ್ತು ದೇವರ ಫೋಟೋ ಹಿಡಿದ ದಂಪತಿ, ಆಮೇಲೆ ಒಲೆ ಹಚ್ಚಿ ಹಾಲು ಉಕ್ಕಿಸೋದು. ಇಷ್ಟು ಆ ಒಂದು ಗಂಟೆಯಲ್ಲಿ ಆಗಬೇಕು. ಗಣಹೋಮ, ನವಗ್ರಹ ಹೋಮ ಅದಾದ ಮೇಲೆ ನಿಧಾನವಾಗಿ ನಡೆಯುತ್ತೆ. ವಾಸ್ತು ಹೋಮವನ್ನು ನಮ್ಮ ಕಡೆ ಹಿಂದಿನ ದಿನ ಸಂಜೆ ಮಾಡಿ ಮುಗಿಸುತ್ತಾರೆ, ನಿಮ್ಮ ಪುರೋಹಿತರೂ ಹಾಗೇ ಹೇಳಿರುತ್ತಾರೆ. ಹಾಗಾದರೆ ಗುರುವಾರ 19 ಅನ್ನೋದು ಕಾರ್ಡಿನಲ್ಲಿ ಬರಲಿ, ಆದರೆ ವಾಸ್ತು ಹೋಮದ ಸಾಲಿನಲ್ಲಿ ಬೇರೆಯಾಗಿ ಬರಲಿ. ಅತ್ತೆಗೆ ಇದನ್ನು ತೋರಿಸಿ, ಅರ್ಧ ಸಮಾಧಾನ ಆಗುತ್ತಾರೆ.

ಮುಹೂರ್ತಕ್ಕೆ ಯಾರು ಬರುತ್ತಾರೆ ಅನ್ನೋದನ್ನೂ ಸುಮ್ನೆ ಯೋಚನೆ ಮಾಡಿ. ಬೆಳಗಿನ ಜಾವ 4-45ಕ್ಕೆ ನಿಂತಿರುವವರು ನಿಮ್ಮ ತವರಿನವರು, ಯಜಮಾನರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಕ್ಕಪಕ್ಕದ ಎರಡು ಮನೆಯವರು. ಇವರಲ್ಲಿ ದೂರದವರು ಗುರುವಾರ ರಾತ್ರಿಯೇ ಬಂದು ಉಳಿಯಬೇಕು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ ಆಗುತ್ತೆ, ಬಸ್ಸಿನಲ್ಲಿ ಎರಡೂವರೆ ಗಂಟೆ ಹಿಡಿಯುತ್ತೆ. ಜಾವದ ಹೊತ್ತಿಗೆ ಬಸ್ಸು ಹಿಡಿದು ಬನ್ನಿ ಅನ್ನೋಕೆ ಆಗಲ್ಲ. ಇವರಿಗೆ ಕಾರ್ಡು ನೆಪಕ್ಕೆ ಅಷ್ಟೇ. "ಅಕ್ಕ, ನೀವು ಗುರುವಾರ ಸಂಜೆಯೇ ಬಂದುಬಿಡಿ, ಮಲಗೋಕೆ ವ್ಯವಸ್ಥೆ ಇದೆ" ಅಂತ ನೀವೇ ಫೋನಿನಲ್ಲಿ ಹೇಳಬೇಕು. ಉಳಿದ 300 ಜನಕ್ಕೆ ಬೇಕಾಗಿರೋದು ಪೂಜೆ ಎಷ್ಟೊತ್ತಿಗೆ, ಊಟ ಎಷ್ಟೊತ್ತಿಗೆ ಅನ್ನೋದು ಮಾತ್ರ. ಆದರೂ ಕಾರ್ಡಿನಲ್ಲಿ ಮುಹೂರ್ತವನ್ನು ದೊಡ್ಡದಾಗಿ ಹಾಕಿ, ಊಟವನ್ನು ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಹಾಕೋದು ರೂಢಿಯಾಗಿಬಿಟ್ಟಿದೆ.

ಪೂಜೆಯ ಟೈಮಿಗೆ ಬರೋಣ. ನೀವು ಶುಕ್ರವಾರ 10-30 ಅಂದುಕೊಂಡಿದ್ದೀರಿ. ನಮ್ಮೂರಿನಲ್ಲಿ ಶುಕ್ರವಾರದ ರಾಹುಕಾಲ ಯಾರನ್ನು ಕೇಳಿದರೂ ಹತ್ತೂವರೆಯಿಂದ ಹನ್ನೆರಡು ಅಂತಾರೆ, ಕ್ಯಾಲೆಂಡರಿನ ಹಿಂದೆಯೂ ಅದೇ ಇರುತ್ತೆ. ನೀವು ಸರಿಯಾಗಿ ರಾಹುಕಾಲ ಹುಟ್ಟುವ ಗಳಿಗೆಗೇ ಪೂಜೆ ಇಟ್ಟ ಹಾಗಾಯಿತು. ಲೆಕ್ಕ ಬಲ್ಲವರು ಇದಕ್ಕೆ ಬೇರೆ ಮಾತು ಹೇಳಬಹುದು. ಆ ಪಟ್ಟಿ ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅನ್ನೋ ಲೆಕ್ಕದ್ದು. ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರ ನಾಲ್ಕನೇ ಪಾಲು ರಾಹುಕಾಲ. ಆ ದಿನ ಸೂರ್ಯ ಹುಟ್ಟೋದು 6-40ರ ಸುಮಾರಿಗೆ, ಮುಳುಗೋದು 6-20 ದಾಟಿದ ಮೇಲೆ, ಹಾಗಾಗಿ ಒಂದು ಪಾಲು 88 ನಿಮಿಷ ಆಗುತ್ತೆ. ನಾಲ್ಕನೇ ಪಾಲು ಶುರುವಾಗೋದು 11 ದಾಟಿ ನಾಲ್ಕೈದು ನಿಮಿಷಕ್ಕೆ, ಮುಗಿಯೋದು ಹನ್ನೆರಡೂವರೆಗೆ. ಅಂದರೆ ಲೆಕ್ಕದ ಪ್ರಕಾರ 10-30 ತಪ್ಪಲ್ಲ. ಆದರೆ ಗೌರಿಬಿದನೂರಿನ ಚಿಕ್ಕಮ್ಮನಿಗೆ ಹಗಲನ್ನು ಎಂಟು ಪಾಲು ಮಾಡಿ ತೋರಿಸುತ್ತಾ ಕೂರೋಕೆ ಆಗುತ್ತಾ? 9-30ಕ್ಕೆ ಶುರು ಮಾಡಿ. ಎರಡೂ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತೀರಿ. ರಾಹುಕಾಲ ನೋಡೋದು ಶುರು ಮಾಡೋದಕ್ಕೆ. ಮೊದಲೇ ಶುರುವಾದ ಪೂಜೆ ಆ ಹೊತ್ತಿನಲ್ಲಿ ಮುಂದುವರಿದರೆ ಯಾರೂ ಏನೂ ಅನ್ನಲ್ಲ.

9-30 ಅನ್ನೋದಕ್ಕೆ ರಾಹುಕಾಲಕ್ಕಿಂತ ದೊಡ್ಡ ಕಾರಣ ಊಟ. ಸತ್ಯನಾರಾಯಣ ಪೂಜೆಗೆ, ಐದು ಅಧ್ಯಾಯದ ಕಥೆ ಸೇರಿ, ಎರಡರಿಂದ ಎರಡೂಕಾಲು ಗಂಟೆ ಇಟ್ಟುಕೊಳ್ಳಿ. ನೈವೇದ್ಯ, ಮಹಾಮಂಗಳಾರತಿ ಆಗದೆ ಎಲೆ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. 9-30ಕ್ಕೆ ಕೂತರೆ 11-45ಕ್ಕೆ ಮಂಗಳಾರತಿ, ತೀರ್ಥ ಪ್ರಸಾದ ಆಗಿ 12-15ಕ್ಕೆ ಮೊದಲ ಎಲೆ. 10-30ಕ್ಕೆ ಕೂತರೆ ಮಂಗಳಾರತಿಯೇ 12-45, ಮೊದಲ ಎಲೆ 1-15. ನೀವು ಕಾರ್ಡಿನಲ್ಲಿ 12-30 ಅಂತ ಹಾಕಿ, ಒಳಗೆ ಇನ್ನೂ ನಾಲ್ಕನೇ ಅಧ್ಯಾಯ ನಡೀತಾ ಇದ್ದರೆ ಶಾಮಿಯಾನದ ಕೆಳಗೆ ಕೂತವರ ಮುಖ ನೋಡೋಕಾಗಲ್ಲ.

ಅದಕ್ಕೇ ಊಟದ ಟೈಮನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಪುರೋಹಿತರನ್ನು ಕೇಳಿ, ಆಮೇಲೆ ಅಡುಗೆ ಭಟ್ಟರನ್ನು ಕೇಳಿ. ಭಟ್ಟರನ್ನು "ಅಡುಗೆ ಎಷ್ಟೊತ್ತಿಗೆ ಆಗುತ್ತೆ?" ಅಂತ ಕೇಳಿದರೆ "ನೀವು ಹೇಳಿದ ಟೈಮಿಗೆ" ಅಂತಾರೆ. ಹಾಗೆ ಕೇಳಬೇಡಿ. "ಒಂದು ಪಂಕ್ತಿಗೆ ಎಷ್ಟು ಜನ, ಎಲೆ ಹಾಕಿ ಎಲೆ ಎತ್ತೋಕೆ ಎಷ್ಟು ಹೊತ್ತು, ಬಡಿಸೋಕೆ ಎಷ್ಟು ಹುಡುಗರು?" ಅಂತ ಕೇಳಿ.

ನಿಮ್ಮದೇ ಲೆಕ್ಕ ಹಾಕೋಣ. ಮನೆ ಮುಂದಿನ ರಸ್ತೆಗೆ ಅಡ್ಡ ಶಾಮಿಯಾನ ಹಾಕಿದರೆ 80 ಜನ ಕೂರುವಷ್ಟು ಟೇಬಲ್ ಹಿಡಿಸುತ್ತೆ ಅಂದುಕೊಳ್ಳಿ. ಒಬ್ಬಟ್ಟಿನ ಊಟ ಅಂದರೆ ಎಲೆ ಹಾಕಿ, ಬಡಿಸಿ, ತಿಂದು, ಎಲೆ ಎತ್ತಿ, ಟೇಬಲ್ ಮೇಲಿನ ಪೇಪರ್ ಬದಲಾಯಿಸಿ ಮತ್ತೆ ಕೂರಿಸೋಕೆ 40 ನಿಮಿಷ ಬೇಕು. 350 ಜನಕ್ಕೆ ನಾಲ್ಕು ತುಂಬಿದ ಪಂಕ್ತಿ, ಐದನೆಯದು ಅರ್ಧಕ್ಕೂ ಕಡಿಮೆ. 12-15ಕ್ಕೆ ಮೊದಲನೆಯದು ಕೂತರೆ 12-55, 1-35, 2-15, ಕೊನೆಯದು 2-55. ಅಂದರೆ ಕಾರ್ಡಿನಲ್ಲಿ "ಮಧ್ಯಾಹ್ನ 12-15 ರಿಂದ 3-00 ರವರೆಗೆ" ಅಂತ ಧೈರ್ಯವಾಗಿ ಹಾಕಬಹುದು. ಮೂರಕ್ಕೆ ಓಡಿಬಂದವರಿಗೂ ಕೊನೆ ಪಂಕ್ತಿಯಲ್ಲಿ ಎಲೆ ಇರುತ್ತೆ.

ಬರೀ "ಮಧ್ಯಾಹ್ನ 1-00ಕ್ಕೆ ಭೋಜನ" ಅಂತ ಹಾಕಿದರೆ 350 ಜನರಲ್ಲಿ ಮುಕ್ಕಾಲು ಪಾಲು ಒಂದಕ್ಕೇ ಬಂದು ನಿಲ್ಲುತ್ತಾರೆ. ಎಂಬತ್ತು ಜನ ಕೂತರೆ, ಅವರ ಕುರ್ಚಿ ಹಿಂದೆ ಇನ್ನೊಂದು ಎಂಬತ್ತು ಜನ ಜಾಗ ಹಿಡಿಯೋಕೆ ನಿಂತಿರುತ್ತಾರೆ. ತಿನ್ನುವವರ ಬೆನ್ನಿಗೆ ನಿಂತು ಕಾಯೋದು ಎಷ್ಟು ಮುಜುಗರ ಅಂತ ಎಲ್ಲರಿಗೂ ಗೊತ್ತು. ಶುರು ಮತ್ತು ಕೊನೆ ಎರಡನ್ನೂ ಹಾಕಿದರೆ ಜನ ತಾವಾಗಿ ಹಂಚಿಕೊಳ್ಳುತ್ತಾರೆ. ಪೂಜೆಗೆ ಬಂದವರು ಮೊದಲ ಪಂಕ್ತಿಗೆ ಕೂತು ಹೊರಡುತ್ತಾರೆ. ಪಾವಗಡ, ಮಧುಗಿರಿಯವರು ಮನೆ ಕೆಲಸ ಮುಗಿಸಿ ಹೊರಟು ಹನ್ನೆರಡೂವರೆ, ಒಂದರ ಹೊತ್ತಿಗೆ ಬರುತ್ತಾರೆ. ಶುಕ್ರವಾರ ಕೆಲಸದ ದಿನ, ತುಮಕೂರಿನಲ್ಲೇ ಆಫೀಸು, ಸ್ಕೂಲು ಇರುವವರು ಎರಡರ ಮೇಲೆ ಬರುತ್ತಾರೆ.

"ಊಟಕ್ಕಷ್ಟೇ ಬನ್ನಿ" ಅಂದಂಗೆ ಆಗುತ್ತೆ ಅನ್ನೋ ನಿಮ್ಮ ಅಳುಕಿಗೆ ಪರಿಹಾರ ಸಾಲುಗಳ ಕ್ರಮದಲ್ಲಿದೆ. ಊಟದ ಸಾಲು ಒಂಟಿಯಾಗಿ ನಿಂತರೆ ಹಾಗೆ ಕಾಣುತ್ತೆ. ಪೂಜೆ, ಮಹಾಮಂಗಳಾರತಿ, ಅದರ ಕೆಳಗೆ ಊಟ ಅಂತ ಬಂದರೆ ಮೂರೂ ಒಂದೇ ಕಾರ್ಯದ ಭಾಗ ಅನ್ನಿಸುತ್ತೆ. ಮಂಗಳಾರತಿಯ ಟೈಮನ್ನು ಬೇರೆ ಸಾಲಿನಲ್ಲಿ ಹಾಕೋದು ಇದಕ್ಕೇ. ಎರಡು ಗಂಟೆ ಕೂತು ಕಥೆ ಕೇಳೋಕೆ ಆಗದವರು ಕೂಡ "11-45ಕ್ಕೆ ಮಂಗಳಾರತಿ" ಅಂತ ಕಂಡರೆ ಆ ಹೊತ್ತಿಗೆ ಬಂದು, ಆರತಿ ತಗೊಂಡು ಊಟಕ್ಕೆ ಕೂರುತ್ತಾರೆ. ದೂರದಿಂದ ಬರುವವರಿಗೆ ಊಟದ ಟೈಮ್ ಹೇಳೋದು ಮರ್ಯಾದೆಯೇ. ಸಕ್ಕರೆ ಕಾಯಿಲೆ ಇರುವ ಹಿರಿಯರು ಮಾತ್ರೆ ನುಂಗೋದೂ ಅದನ್ನು ನೋಡಿಕೊಂಡೇ.

ಬೆಳಗಿನ ತಿಂಡಿಯನ್ನೂ ಒಂದು ಸಾಲು ಹಾಕಿ, 7-30 ರಿಂದ 9-00. ಜಾವಕ್ಕೆ ಬಂದವರು ಹಾಲು ಕುಡಿದುಕೊಂಡು ಹನ್ನೆರಡರವರೆಗೆ ಇರೋಕೆ ಆಗಲ್ಲ. ಮರುದಿನವೋ ಭಾನುವಾರವೋ ಬಾಡೂಟ ಇಟ್ಟುಕೊಳ್ಳುವವರು ಅದನ್ನು ಈ ಕಾರ್ಡಿನಲ್ಲಿ ಸೇರಿಸಬಾರದು, ಫೋನಿನಲ್ಲಿ ಕರೆಯೋದೇ ಸರಿ.

ಈಗ ಕಾರ್ಡಿನ ಒಕ್ಕಣೆ. ಮೇಲಿನ ಎರಡನೇ ಸಾಲಿನಲ್ಲಿ ನಿಮ್ಮ ಮನೆದೇವರ ಹೆಸರು ಬರಲಿ, ನಾನು ಉದಾಹರಣೆಗೆ ದೇವರಾಯನದುರ್ಗದ ಸ್ವಾಮಿಯನ್ನು ಹಾಕಿದ್ದೇನೆ.

॥ ಶ್ರೀ ಗಣೇಶಾಯ ನಮಃ ॥
॥ ದೇವರಾಯನದುರ್ಗ ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ ॥

ಗೃಹಪ್ರವೇಶದ ಆಹ್ವಾನ

ಮಾನ್ಯರೇ,

ಶ್ರೀ ವಿಶ್ವಾವಸು ನಾಮ ಸಂವತ್ಸರದ ಫಾಲ್ಗುಣ ಶುದ್ಧ ತದಿಗೆ, ಉತ್ತರಾಭಾದ್ರ ನಕ್ಷತ್ರ, ಗುರುವಾರ ರಾತ್ರಿ ಕಳೆದು ದಿನಾಂಕ 20-02-2026ನೇ ಶುಕ್ರವಾರ ಬೆಳಗಿನ ಜಾವ 4-45 ರಿಂದ 5-45ರ ಒಳಗೆ ಸಲ್ಲುವ ಮಕರ ಲಗ್ನದ ಶುಭ ಮುಹೂರ್ತದಲ್ಲಿ, ನಾವು ಹೊಸದಾಗಿ ಕಟ್ಟಿಸಿರುವ ಮನೆಯ ಗೃಹಪ್ರವೇಶ ನಡೆಯಲಿದೆ. ತಾವು ಕುಟುಂಬ ಸಮೇತರಾಗಿ ಬಂದು, ಪೂಜೆಯಲ್ಲಿ ಪಾಲ್ಗೊಂಡು, ನಮ್ಮ ಮನೆಯಲ್ಲಿ ಊಟ ಮಾಡಿ, ನಮ್ಮನ್ನು ಹರಸಬೇಕೆಂದು ಕೋರುತ್ತೇವೆ.

ಗುರುವಾರ, 19-02-2026
ಸಂಜೆ 6-30: ವಾಸ್ತು ಹೋಮ

ಶುಕ್ರವಾರ, 20-02-2026
ಬೆಳಗಿನ ಜಾವ 4-45: ಗೃಹಪ್ರವೇಶ
ಬೆಳಿಗ್ಗೆ 7-30 ರಿಂದ 9-00: ತಿಂಡಿ
ಬೆಳಿಗ್ಗೆ 9-30: ಶ್ರೀ ಸತ್ಯನಾರಾಯಣ ಪೂಜೆ
11-45: ಮಹಾಮಂಗಳಾರತಿ, ತೀರ್ಥ ಪ್ರಸಾದ
ಮಧ್ಯಾಹ್ನ 12-15 ರಿಂದ 3-00: ಊಟ

ಸ್ಥಳ: (ಮನೆಯ ಹೆಸರು, ಅಡ್ಡರಸ್ತೆ, ಬಡಾವಣೆ, ಹತ್ತಿರದ ಗುರುತು), ಕ್ಯಾತ್ಸಂದ್ರ, ತುಮಕೂರು

ತಮ್ಮ ಸುಖಾಗಮನ ಬಯಸುವವರು
(ದಂಪತಿಯ ಹೆಸರು, ಹಿರಿಯರ ಹೆಸರು, ಎರಡು ಫೋನ್ ನಂಬರ್)

ಇದರಲ್ಲಿ ಎರಡು ವಿಷಯ ಗಮನಿಸಿ. ಶುಕ್ರವಾರದ ತಾರೀಖು ಎರಡು ಕಡೆ ಬಂದಿದೆ, ಬೇಕೆಂದೇ ಹಾಗೆ ಮಾಡಿದ್ದು. ಮೇಲಿನ ಉದ್ದ ವಾಕ್ಯವನ್ನು ಪೂರ್ತಿ ಓದುವವರು ಹಿರಿಯರು, ಉಳಿದವರು ಕೆಳಗಿನ ಪಟ್ಟಿಗೆ ಹಾರುತ್ತಾರೆ. ಮತ್ತೆ ಸ್ಥಳದಲ್ಲಿ ಗುರುತು ಬರಲೇಬೇಕು. ಹೊಸ ಬಡಾವಣೆಗಳಲ್ಲಿ ರಸ್ತೆಗೆ ಬೋರ್ಡೇ ಇರಲ್ಲ. ಮಠದ ಕಡೆಯಿಂದ ಬರಬೇಕಾ, ಹೈವೇ ಕಡೆಯಿಂದ ಬರಬೇಕಾ ಅನ್ನೋದನ್ನು ಒಂದು ಸಾಲಿನಲ್ಲಿ ಬರೆಯಿರಿ.

"ಉಡುಗೊರೆ ಬೇಡ, ಆಶೀರ್ವಾದವೇ ಸಾಕು" ಅನ್ನೋ ಸಾಲನ್ನು ಈಗ ತುಂಬಾ ಜನ ಹಾಕಿಸುತ್ತಾರೆ. ನಿಮ್ಮಿಷ್ಟ. ಆದರೆ ನೆಂಟರಿಗೆ ಕೊಡುವ ಕಾರ್ಡಿನಲ್ಲಿ ನನಗೆ ಅದು ಸರಿ ಕಾಣಲ್ಲ. ತವರಿನವರು ಸೀರೆ, ಪಂಚೆ, ಅಕ್ಕಿ ಬೆಲ್ಲ ತರುತ್ತಾರೆ, ನೀವು ಹಿಂದೆ ಮಾಡಿದ ಮುಯ್ಯಿ ತೀರಿಸುವವರೂ ಇರುತ್ತಾರೆ, ಅವರಿಗೆ ಆ ಸಾಲು ಓದಿ ಇರುಸುಮುರುಸಾಗುತ್ತೆ.

ವಾಟ್ಸಾಪಿನಲ್ಲಿ ಕಾರ್ಡಿನ ಫೋಟೋ ಒಂದನ್ನೇ ಕಳಿಸಿದರೆ ಸಾಲದು. ಸಣ್ಣ ಪರದೆಯಲ್ಲಿ ಉದ್ದ ವಾಕ್ಯ ಓದೋಕೆ ಆಗಲ್ಲ, ಮೂರು ದಿನ ಆದ ಮೇಲೆ ಹುಡುಕಿದರೆ ಸಿಗಲ್ಲ. ಫೋಟೋ ಕೆಳಗೆ ಟೈಪ್ ಮಾಡಿದ ನಾಲ್ಕು ಸಾಲು ಇರಲಿ, ಮಾತಾಡಿದ ಹಾಗೇ ಇರಲಿ:

"ದೊಡ್ಡಮ್ಮ, ನಮ್ಮ ಹೊಸ ಮನೆ ಗೃಹಪ್ರವೇಶ ಫೆಬ್ರವರಿ 20 ಶುಕ್ರವಾರ. ಒಳಗೆ ಹೋಗೋದು ಬೆಳಗಿನ ಜಾವ 4:45ಕ್ಕೆ, ಅಂದರೆ ಗುರುವಾರ ರಾತ್ರಿ ಮಲಗಿ ಎದ್ದ ಮೇಲೆ. ಅಷ್ಟು ಬೇಗ ಬರೋಕೆ ಕಷ್ಟ ಆದರೆ 9:30ರ ಸತ್ಯನಾರಾಯಣ ಪೂಜೆಗೆ ಬನ್ನಿ, 11:45ಕ್ಕೆ ಮಂಗಳಾರತಿ. ಊಟ 12:15 ರಿಂದ 3 ಗಂಟೆವರೆಗೂ ಇರುತ್ತೆ. ದೊಡ್ಡಪ್ಪ, ಮಕ್ಕಳು ಎಲ್ಲರನ್ನೂ ಕರ್ಕೊಂಡು ಬರಲೇಬೇಕು. ದಾರಿಗೆ ಲೊಕೇಶನ್ ಕೆಳಗೆ ಕಳಿಸಿದ್ದೀನಿ."

ಗೌರಿಬಿದನೂರು, ಪಾವಗಡದ ಕಡೆ ಮನೆಯಲ್ಲಿ ತೆಲುಗು ಮಾತಾಡುವ, ಕನ್ನಡ ಓದೋಕೆ ಬಾರದ ವಯಸ್ಸಾದವರು ಇರುತ್ತಾರೆ. ಅವರಿಗೆ ಇದನ್ನೇ ತೆಲುಗಿನಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸಿ. ಇದೆಲ್ಲ ಆದ ಮೇಲೂ ಹತ್ತಿರದ ಹಿರಿಯರ ಮನೆಗೆ ನೀವಿಬ್ಬರೂ ಹೋಗಿ, ಅರಿಶಿನ ಕುಂಕುಮ ಹಚ್ಚಿದ ಕಾರ್ಡು ಕೈಗೆ ಕೊಟ್ಟು ಕರೆಯಬೇಕು. ಅದನ್ನು ಬಿಟ್ಟರೆ ಮುಹೂರ್ತ ಎಷ್ಟು ಸರಿಯಾಗಿ ಅಚ್ಚಾಗಿದ್ದರೂ ಅವರು ಬರಲ್ಲ.

ಪ್ರೂಫ್ ಬಂದಾಗ ಅದನ್ನು ನೀವು ತಿದ್ದೋಕೆ ಕೂರಬೇಡಿ. ನಿಮಗೆ ವಿಷಯ ಮೊದಲೇ ಗೊತ್ತು, ತಪ್ಪಿದ್ದರೂ ಸರಿಯಾಗಿಯೇ ಓದಿಕೊಳ್ಳುತ್ತೀರಿ. ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ, ಪಕ್ಕದ ಮನೆ ಕಾಲೇಜು ಹುಡುಗಿಯಾದರೂ ಸರಿ. ಓದಿದ ಮೇಲೆ ಎರಡೇ ಪ್ರಶ್ನೆ ಕೇಳಿ. "ನೀನು ಪಾವಗಡದಲ್ಲಿದ್ದರೆ ಮುಹೂರ್ತಕ್ಕೆ ಯಾವ ದಿನ, ಎಷ್ಟೊತ್ತಿಗೆ ಮನೆ ಬಿಡ್ತೀಯ?" "ಊಟಕ್ಕಾದರೆ ಯಾವ ದಿನ ಬಿಡ್ತೀಯ?" ಮೊದಲನೆಯದಕ್ಕೆ ಗುರುವಾರ ಸಂಜೆ, ಎರಡನೆಯದಕ್ಕೆ ಶುಕ್ರವಾರ ಬೆಳಿಗ್ಗೆ ಅಂತ ತಡವರಿಸದೆ ಬಂದರೆ ಅಚ್ಚಿಗೆ ಕೊಡಿ. ಅದಕ್ಕೂ ಮುಂಚೆ ಪ್ರೂಫಿನ ಒಂದು ಫೋಟೋ ಪುರೋಹಿತರಿಗೆ ಕಳಿಸಿ, ತಿಥಿ ನಕ್ಷತ್ರದ ಸಾಲನ್ನು ಅವರು ನೋಡಲಿ.

ಅತ್ತೆ ಆಗಲೇ 19 ಅಂತ ಹಾಕಿಸಿಬಿಟ್ಟಿದ್ದರೂ ಕಾರ್ಡು ಬಿಸಾಕಬೇಕಿಲ್ಲ. "20-02-2026 ಶುಕ್ರವಾರ ಬೆಳಗಿನ ಜಾವ" ಅಂತ ಸಣ್ಣ ಸ್ಟಿಕ್ಕರ್ ಮಾಡಿಸಿ ಆ ಜಾಗದ ಮೇಲೆ ಅಂಟಿಸಿ. ಪೆನ್ನಿನಲ್ಲಿ ಹೊಡೆದು ತಿದ್ದೋದು ಬೇಡ, ಶುಭ ಕಾರ್ಯದ ಕಾಗದದ ಮೇಲೆ ಕಾಟು ಹೊಡೆದರೆ ಹಿರಿಯರಿಗೆ ಆಗಿಬರಲ್ಲ. ಈಗಾಗಲೇ ಹಂಚಿದ ಮನೆಗಳಿಗೆ ಮಾತ್ರ ಇವತ್ತೇ ಒಂದೊಂದು ಫೋನ್ ಮಾಡಿಬಿಡಿ, ಮೊದಲು ಊಟಕ್ಕಷ್ಟೇ ಬರಬಹುದಾದವರ ಮನೆಗೆ.